ಒಂದೂವರೆ ಟನ್ನೋ, ಒಂದೇ ಟನ್ನೋ? ಎಸಿಯ ಅಳತೆ ಇರುವುದು ಸ್ಲ್ಯಾಬಿನ ಮೇಲೆ

ಕಲಬುರಗಿಯಲ್ಲಿ ಎರಡು ಅಂತಸ್ತಿನ ಮನೆಯೊಂದನ್ನು ಊಹಿಸಿಕೊಳ್ಳಿ. ಕೆಳಗೊಂದು ಮಲಗುವ ಕೋಣೆ, ಅದರ ನೆತ್ತಿಯ ಮೇಲೆಯೇ ಅಷ್ಟೇ ಅಳತೆಯ ಇನ್ನೊಂದು. ಎರಡೂ 12 ಅಡಿಗೆ 12 ಅಡಿ. ಕೆಳಗಿನ ಕೋಣೆಗೆ ಒಂದು ಟನ್ ಎಸಿ ಹಾಕಿದರೆ ಮೇ ತಿಂಗಳಲ್ಲೂ ಹೊದಿಕೆ ಬೇಕಾಗುತ್ತದೆ. ಮೇಲಿನದಕ್ಕೆ ಅದೇ ಎಸಿ ಹಾಕಿದರೆ ಸಂಜೆಯಿಂದ ಮಧ್ಯರಾತ್ರಿಯವರೆಗೆ ನಿಲ್ಲದೆ ಓಡಿದರೂ ಕೋಣೆ ಸರಿಯಾಗಿ ತಣಿಯುವುದಿಲ್ಲ. ಅಂಗಡಿಗೆ ಹೋದರೆ ಕೇಳುವ ಪ್ರಶ್ನೆ ಮಾತ್ರ ಒಂದೇ: 'ರೂಮ್ ಎಷ್ಟು ಸ್ಕ್ವೇರ್ ಫೀಟ್?' ಎರಡಕ್ಕೂ ಉತ್ತರ 144. ಆದರೂ ಎರಡಕ್ಕೂ ಬೇಕಾದ ಯಂತ್ರ ಬೇರೆ.

ಈ ವ್ಯತ್ಯಾಸ ಬರುವುದು ಛಾವಣಿಯಿಂದ. ಅದನ್ನು ಸರಿಪಡಿಸಿದರೆ ಮೇಲಿನ ಕೋಣೆಗೆ ಎಷ್ಟು ಟನ್ ಸಾಕು, ಗೋಡೆಯನ್ನೂ ಮುಟ್ಟಬೇಕೇ ಎನ್ನುವುದನ್ನು ಈ ಒಂದು ಕೋಣೆಯ ಲೆಕ್ಕ ಹಾಕಿಯೇ ನೋಡೋಣ.

## ಟನ್ ಎಂದರೆ ತೂಕವಲ್ಲ

ತಂಪು ಮಾಡುವ ಯಂತ್ರಗಳು ಬರುವ ಮೊದಲು ಕಟ್ಟಡಗಳನ್ನು ತಂಪಾಗಿಡಲು ಮಂಜುಗಡ್ಡೆಯನ್ನೇ ಬಳಸುತ್ತಿದ್ದರು. ಅಮೆರಿಕದ ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಪೂರ್ತಿ ಕರಗಲು ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕಬಲ್ಲ ಯಂತ್ರ ಒಂದು ಟನ್ನಿನದು. ಇಂದಿನ ಅಳತೆಯಲ್ಲಿ ಅದು ಸುಮಾರು 3,500 ವ್ಯಾಟ್. ಒಂದೂವರೆ ಟನ್ ಎಂದರೆ 5,270 ವ್ಯಾಟ್ ಆಗಬೇಕು. ಆದರೆ ಮಾರುಕಟ್ಟೆಯಲ್ಲಿ ಒಂದೂವರೆ ಟನ್ ಎಂದು ಮಾರುವ ಯಂತ್ರಗಳೆಲ್ಲ ಅಷ್ಟು ಕೊಡುವುದಿಲ್ಲ. ನಿಜ ಸಾಮರ್ಥ್ಯ ವ್ಯಾಟ್‌ನಲ್ಲಿ ಎಷ್ಟು ಎನ್ನುವುದನ್ನು ಸ್ಟಾರ್ ಲೇಬಲ್ ಅಥವಾ ವಿವರಪಟ್ಟಿಯಲ್ಲಿ ನೋಡಿಕೊಳ್ಳಬೇಕು. ಇದು ಕರೆಂಟ್ ಎಳೆಯುವ ವ್ಯಾಟ್ ಅಲ್ಲ, ಕೋಣೆಯಿಂದ ಹೊರಗೆ ಸಾಗಿಸುವ ಶಾಖದ ವ್ಯಾಟ್.

ಎಸಿ ತಂಪನ್ನು ತಯಾರಿಸುವುದಿಲ್ಲ, ಒಳಗೆ ಬಂದ ಶಾಖವನ್ನು ಎತ್ತಿ ಹೊರಗೆ ಚೆಲ್ಲುತ್ತದೆ. ತಳ ಸೋರುವ ದೋಣಿಯಿಂದ ನೀರು ಎತ್ತಿ ಹಾಕುವವನ ಕೆಲಸ ಇದು. ದೋಣಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ತೂತು ಎಷ್ಟು ದೊಡ್ಡದು ಎನ್ನುವುದರ ಮೇಲೆ ಅವನ ಬಕೆಟ್ಟಿನ ಗಾತ್ರ ನಿಂತಿದೆ. ಕೋಣೆಯ ಚದರಡಿ ದೋಣಿಯ ಅಳತೆ. ಛಾವಣಿ, ಗೋಡೆ, ಕಿಟಕಿ, ಬಾಗಿಲ ಸಂದಿ, ಇವು ತೂತುಗಳು.

## ಮೇ ತಿಂಗಳಲ್ಲಿ ಸೂರ್ಯ ಗೋಡೆಯನ್ನಲ್ಲ, ನೆತ್ತಿಯನ್ನು ಸುಡುತ್ತಾನೆ

ಕಲಬುರಗಿ ಇರುವುದು ಸಮಭಾಜಕದಿಂದ ಹದಿನೇಳೂ ಚಿಲ್ಲರೆ ಡಿಗ್ರಿ ಉತ್ತರಕ್ಕೆ. ಮೇ ಎರಡನೇ ವಾರದ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ನೆತ್ತಿಯ ಬಿಸಿಲು ಗೋಡೆಯನ್ನು ಸವರಿಕೊಂಡು ಜಾರಿಹೋಗುತ್ತದೆ, ದಕ್ಷಿಣದ ಗೋಡೆಗಂತೂ ನೇರ ಬಿಸಿಲು ಬೀಳುವುದೇ ಇಲ್ಲವೆನ್ನಬಹುದು. ಅಷ್ಟೂ ಬಿಸಿಲು ಟೆರೇಸಿನ ಪಾಲು.

ಮಾಸಲು ಬಣ್ಣದ ಹಳೆಯ ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಮುಕ್ಕಾಲು ಪಾಲಿನಷ್ಟನ್ನು ಹೀರಿಕೊಳ್ಳುತ್ತದೆ. ಗಾಳಿಯ ಉಷ್ಣತೆ 41 ಡಿಗ್ರಿ ಇದ್ದ ದಿನ ಟೆರೇಸಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಚಪ್ಪಲಿಯಿಲ್ಲದೆ ಕಾಲಿಡಲು ಆಗದಿರುವುದು ಇದಕ್ಕೇ. ಆದ್ದರಿಂದ ಹವಾಮಾನ ವರದಿಯ 41 ಡಿಗ್ರಿಯನ್ನು ಹಿಡಿದು ಛಾವಣಿಯ ಲೆಕ್ಕ ಹಾಕಿದರೆ ತಪ್ಪುತ್ತದೆ. ಛಾವಣಿಗೆ ಹೊರಗಿನ ಉಷ್ಣತೆ 41 ಅಲ್ಲ, 60ರ ಆಚೆ.

ಈ ಶಾಖ ತಕ್ಷಣ ಕೆಳಗಿಳಿಯುವುದೂ ಇಲ್ಲ. ಐದಾರು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಮೊದಲು ತಾನು ಕಾಯ್ದು ಆಮೇಲೆ ಬಿಟ್ಟುಕೊಡುತ್ತದೆ. ಮಧ್ಯಾಹ್ನ ಒಂದು ಗಂಟೆಯ ಬಿಸಿಲು ಕೋಣೆಯೊಳಗೆ ತಿಳಿಯುವುದು ಸಂಜೆ ನಾಲ್ಕರಿಂದ ಆರರ ಹೊತ್ತಿಗೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇನ್ನೂ ನಿಧಾನ, ಏಳೆಂಟು ಗಂಟೆ ತಡ. ಪಡುವಣ ಗೋಡೆಗೆ ಮಧ್ಯಾಹ್ನ ಮೂರೂವರೆಗೆ ಬಿದ್ದ ಬಿಸಿಲು ಒಳಗೆ ಮುಟ್ಟುವುದು ನಾವು ಹಾಸಿಗೆ ಹಾಸುವ ಹೊತ್ತಿಗೆ.

## ಯು ಮೌಲ್ಯ: ತೂತಿನ ಅಳತೆ

ಒಂದು ಗೋಡೆ ಅಥವಾ ಛಾವಣಿ ಎಷ್ಟು ಸೋರುತ್ತದೆ ಎನ್ನುವುದಕ್ಕೆ ಎಂಜಿನಿಯರುಗಳು ಬಳಸುವ ಸಂಖ್ಯೆ ಯು ಮೌಲ್ಯ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಚದರ ಮೀಟರ್ ಮೂಲಕ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎನ್ನುವುದೇ ಅದು. ಸಂಖ್ಯೆ ದೊಡ್ಡದಾದಷ್ಟೂ ತೂತು ದೊಡ್ಡದು.

ಐದು ಇಂಚಿನ ಬೋಳು ಸ್ಲ್ಯಾಬಿನ ಯು ಮೌಲ್ಯ ಸುಮಾರು 3.3. ಎರಡೂ ಕಡೆ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯದು ಸುಮಾರು 2. ಎಂಟು ಇಂಚಿನ ಎಎಸಿ ಬ್ಲಾಕ್ ಗೋಡೆಯದು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕಿನದು, ಮುಕ್ಕಾಲಿನ ಹತ್ತಿರ. ಕೇಂದ್ರ ಸರ್ಕಾರ 2018ರಲ್ಲಿ ವಸತಿ ಕಟ್ಟಡಗಳಿಗಾಗಿ ತಂದ 'ಇಕೋ ನಿವಾಸ್ ಸಂಹಿತಾ' ಛಾವಣಿಯ ಯು ಮೌಲ್ಯ 1.2 ಮೀರಬಾರದು ಎನ್ನುತ್ತದೆ. ನಮ್ಮ ಊರುಗಳ ಬೋಳು ಸ್ಲ್ಯಾಬು ಅದರ ಎರಡೂವರೆ ಪಟ್ಟಿಗೂ ಹೆಚ್ಚು ಸೋರುತ್ತದೆ.

ಕಾಂಕ್ರೀಟು ದಪ್ಪವಾಗಿರುವುದರಿಂದ ಶಾಖ ತಡೆಯುತ್ತದೆ ಎಂಬ ನಂಬಿಕೆ ಇದೆ. ಅದು ತಡಮಾಡುತ್ತದೆಯೇ ಹೊರತು ತಡೆಯುವುದಿಲ್ಲ. ತಡೆಯುವುದು ಅಲುಗಾಡದೆ ಸಿಕ್ಕಿಕೊಂಡ ಗಾಳಿ. ಕೌದಿ ಬೆಚ್ಚಗಿರುವುದು ಬಟ್ಟೆಯಿಂದಲ್ಲ, ಪದರಗಳ ನಡುವೆ ಸಿಕ್ಕಿದ ಗಾಳಿಯಿಂದ. ಥರ್ಮಾಕೋಲ್, ಗಾಜಿನ ಉಣ್ಣೆ, ಪಫ್ ಎನ್ನುವ ಗಟ್ಟಿ ನೊರೆ, ಎಕ್ಸ್‌ಪಿಎಸ್ ಹಲಗೆ ಇವೆಲ್ಲ ಗಾಳಿಯನ್ನೋ ಅನಿಲವನ್ನೋ ಸಣ್ಣ ಸಣ್ಣ ಕೋಶಗಳಲ್ಲಿ ಸೆರೆಹಿಡಿದ ಕೌದಿಗಳೇ. ಎಕ್ಸ್‌ಪಿಎಸ್ ಎಂದರೆ ಥರ್ಮಾಕೋಲಿನ ಜಾತಿಯದೇ, ಆದರೆ ಕಾಳು ಕಾಳಾಗಿರದೆ ಒತ್ತೊತ್ತಾಗಿ ಮುಚ್ಚಿದ ಕೋಶಗಳಿರುವ ಗಟ್ಟಿ ಹಲಗೆ. ಅದೇ ದಪ್ಪದ ಕಾಂಕ್ರೀಟಿಗೆ ಹೋಲಿಸಿದರೆ ಸುಮಾರು ಐವತ್ತು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ.

## ಬೋಳು ಸ್ಲ್ಯಾಬಿನ ಕೋಣೆಯ ಲೆಕ್ಕ

ಮೇಲಿನ ಕೋಣೆಯ ಛಾವಣಿ 13.4 ಚದರ ಮೀಟರ್. ಎತ್ತರ ಹತ್ತು ಅಡಿ. ಪಡುವಣ ಮತ್ತು ದಕ್ಷಿಣದ ಗೋಡೆಗಳು ಹೊರಗೋಡೆಗಳು, ಉಳಿದೆರಡು ಗೋಡೆಗಳ ಆಚೆ ಎಸಿ ಇಲ್ಲದ ಕೋಣೆಗಳು. ದಕ್ಷಿಣಕ್ಕೆ ಚಜ್ಜಾ ಇರುವ ನಾಲ್ಕಡಿ ಚೌಕದ ಒಂದು ಕಿಟಕಿ. ಒಳಗೆ ಇಬ್ಬರು, ಒಂದು ಟಿವಿ, ಫ್ಯಾನು, ದೀಪ. ಎಸಿಯನ್ನು 24 ಡಿಗ್ರಿಗೆ ಇಟ್ಟಿದ್ದೇವೆ. ಸಂಜೆ ಐದೂವರೆ, ಆರು ಗಂಟೆಯ ಹೊತ್ತು.

ಛಾವಣಿಯ ಮೇಲ್ಮೈ 60 ದಾಟಿದ್ದರೂ ಸ್ಲ್ಯಾಬು ಒಂದಿಷ್ಟನ್ನು ತನ್ನಲ್ಲೇ ಹಿಡಿದಿಟ್ಟುಕೊಂಡಿರುತ್ತದೆ. ಆದ್ದರಿಂದ ಲೆಕ್ಕಕ್ಕೆ 30 ಡಿಗ್ರಿ ವ್ಯತ್ಯಾಸ ಹಿಡಿದರೆ ಸರಿ. ಯು ಮೌಲ್ಯ, ವಿಸ್ತೀರ್ಣ, ಉಷ್ಣತೆಯ ವ್ಯತ್ಯಾಸ ಮೂರನ್ನೂ ಗುಣಿಸಿದರೆ ಛಾವಣಿಯ ಶಾಖ ಸಿಗುತ್ತದೆ:

3.3 × 13.4 × 30 = ಸುಮಾರು 1,330 ವ್ಯಾಟ್

ಉಳಿದವನ್ನೂ ಹೀಗೆಯೇ ಲೆಕ್ಕ ಹಾಕಿದರೆ ಬರುವ ಚಿತ್ರ ಇದು.

| ಶಾಖ ಬರುವ ದಾರಿ | ವ್ಯಾಟ್ |
|---|---|
| ಛಾವಣಿ | 1,330 |
| ಎರಡು ಹೊರಗೋಡೆ | 560 |
| ಒಳಗೋಡೆಗಳು ಮತ್ತು ನೆಲ | 600 |
| ಕಿಟಕಿ | 230 |
| ಇಬ್ಬರು ಮನುಷ್ಯರು | 230 |
| ಸಂದಿಗಳಿಂದ ನುಗ್ಗುವ ಗಾಳಿ | 200 |
| ಟಿವಿ, ಫ್ಯಾನು, ದೀಪ | 130 |
| ಒಟ್ಟು | 3,280 |

ಒಳಗೋಡೆಗಳ 600 ವ್ಯಾಟ್ ನೋಡಿ ಅಚ್ಚರಿಯಾಗಬಹುದು. ಪಕ್ಕದ ಕೋಣೆ, ಕೆಳಗಿನ ಕೋಣೆಗಳಿಗೆ ಎಸಿ ಇಲ್ಲದಿದ್ದರೆ ಅಲ್ಲಿ 30ರಿಂದ 33 ಡಿಗ್ರಿ ಇರುತ್ತದೆ, ನಾಲ್ಕೂವರೆ ಇಂಚಿನ ಗೋಡೆ ಅದನ್ನು ತಡೆಯುವುದಿಲ್ಲ. ಈ ಬಾಬ್ತನ್ನು ಬಹಳಷ್ಟು ಜನ ಮರೆಯುತ್ತಾರೆ.

ಒಟ್ಟು 3,280 ವ್ಯಾಟ್ ಬಂದ ಮಾತ್ರಕ್ಕೆ 3,500 ವ್ಯಾಟಿನ ಒಂದು ಟನ್ ಸಾಕು ಎನ್ನುವಂತಿಲ್ಲ. ಎರಡು ಕಾರಣ. ಮೊದಲನೆಯದು, ಎಸಿಯ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. 41, 42 ಡಿಗ್ರಿಯಲ್ಲಿ, ಅದೂ ಕಾದ ಟೆರೇಸಿನ ಮೇಲೆ ಹೊರಘಟಕ ಇಟ್ಟಿದ್ದರೆ, ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಎಂದು ಹಿಡಿಯಬೇಕು. ಎರಡನೆಯದು, ಹಗಲೆಲ್ಲ ಕಾದ ಕೋಣೆ, ಮಂಚ, ಹಾಸಿಗೆಗಳನ್ನು ಮೊದಲ ಅರ್ಧ ಮುಕ್ಕಾಲು ಗಂಟೆಯಲ್ಲಿ ತಣಿಸಲು ಶೇ 15ರಷ್ಟು ಹೆಚ್ಚಿಗೆ ಬೇಕು.

3,280 × 1.15 ÷ 0.9 = ಸುಮಾರು 4,190 ವ್ಯಾಟ್

ಅಂದರೆ 1.2 ಟನ್. ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಒಂದು, ಇಲ್ಲವೇ ಒಂದೂವರೆ. ಆದ್ದರಿಂದ ಒಂದೂವರೆ. ಅಂಗಡಿಯವನು ಹೇಳುವುದೂ ಅದನ್ನೇ ಇರಬಹುದು, ಆದರೆ ಅವನು ಹೇಳುವುದು ಚದರಡಿ ನೋಡಿ.

## ಎರಡು ಇಂಚಿನ ಹಲಗೆ ಬಿದ್ದ ಮೇಲೆ

ಸ್ಲ್ಯಾಬಿನ ಮೇಲೆ 50 ಮಿಲಿಮೀಟರ್, ಅಂದರೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ ಹಾಸಿ ಅದರ ಮೇಲೆ ಕಾಂಕ್ರೀಟಿನ ತೆಳು ಪದರ ಹಾಕಿದರೆ ಯು ಮೌಲ್ಯ 3.3ರಿಂದ 0.48ಕ್ಕೆ ಇಳಿಯುತ್ತದೆ. ಅದೇ ಬಿಸಿಲು, ಅದೇ 30 ಡಿಗ್ರಿ ವ್ಯತ್ಯಾಸ. ಛಾವಣಿಯಿಂದ ಇಳಿಯುವ ಶಾಖ 1,330 ವ್ಯಾಟ್‌ನಿಂದ ಸುಮಾರು 190ಕ್ಕೆ ಬರುತ್ತದೆ. ಉಳಿದದ್ದೇನೂ ಬದಲಾಗಿಲ್ಲ. ಒಟ್ಟು 2,140. ಮೇಲಿನ ಎರಡು ಕಾರಣಗಳನ್ನು ಸೇರಿಸಿದರೆ 2,730 ವ್ಯಾಟ್, ಅಂದರೆ ಮುಕ್ಕಾಲು ಟನ್ನಿಗಿಂತ ಒಂಚೂರು ಹೆಚ್ಚು. ಒಂದು ಟನ್ ಎಸಿ ಧಾರಾಳವಾಗಿ ಸಾಕು.

ಈಗ ಕೆಳಗಿನ ಕೋಣೆಯನ್ನು ನೆನಪಿಸಿಕೊಳ್ಳಿ. ಅದರ ಛಾವಣಿಯ ಮೇಲೆ ಬಿಸಿಲಿಲ್ಲ, ಇನ್ನೊಂದು ಕೋಣೆ ಇದೆ. ಅದರ ಲೆಕ್ಕ ಹಾಕಿದರೆ ಹತ್ತಿರಹತ್ತಿರ 2,100 ವ್ಯಾಟ್ ಬರುತ್ತದೆ. ಎರಡು ಇಂಚಿನ ಹಲಗೆ ಮಾಡಿದ ಕೆಲಸ ಇಷ್ಟೇ: ಮೇಲಿನ ಕೋಣೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿದಂತೆ ಮಾಡಿತು.

ಟನ್ ಲೆಕ್ಕದಲ್ಲಿ ಕಾಣದ ಇನ್ನೊಂದು ಲಾಭವೂ ಇದೆ. ಬೋಳು ಸ್ಲ್ಯಾಬಿದ್ದಾಗ ಎಸಿ ಓಡುತ್ತಿದ್ದರೂ ಛಾವಣಿಯ ಒಳಮೈ 41 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಗಾಳಿ 24 ಡಿಗ್ರಿ ಇದ್ದರೂ ಮಲಗಿದವರ ಮುಖಕ್ಕೆ ಮೇಲಿನಿಂದ ಕಾವು ಹೊಡೆಯುತ್ತದೆ, ಒಲೆಯ ಎದುರು ಕೂತಾಗ ಹೊಡೆಯುವ ಹಾಗೆ. ಅದಕ್ಕೇ ಮೇಲಂತಸ್ತಿನವರು ರಿಮೋಟನ್ನು 20ಕ್ಕೋ 18ಕ್ಕೋ ಇಳಿಸುವುದು. ಹಲಗೆ ಹಾಕಿದ ಮೇಲೆ ಒಳಮೈ 26, 27 ಡಿಗ್ರಿಗೆ ಬರುತ್ತದೆ. ಆಗ 25, 26ಕ್ಕೆ ಇಟ್ಟರೂ ಹಿತವಾಗಿರುತ್ತದೆ.

ದಪ್ಪ ಹೆಚ್ಚಿಸುತ್ತ ಹೋದರೆ ಲಾಭವೂ ಹಾಗೇ ಹೆಚ್ಚುತ್ತದೆಯೇ? ಇಲ್ಲ. ಮೊದಲ ಒಂದು ಇಂಚು ಹಾಕಿದಾಗ ಛಾವಣಿಯ ಶಾಖ 1,330ರಿಂದ ಸುಮಾರು 325ಕ್ಕೆ ಬೀಳುತ್ತದೆ, ಒಂದು ಸಾವಿರ ವ್ಯಾಟ್ ಉಳಿತಾಯ. ಎರಡನೇ ಇಂಚು ಇನ್ನು 135 ಉಳಿಸುತ್ತದೆ. ಮೂರನೆಯದು 55ರ ಆಸುಪಾಸು. ಎಸಿ ಅಳತೆಯ ದೃಷ್ಟಿಯಿಂದ ಎರಡು ಇಂಚಿನ ಆಚೆ ಹಣ ಹಾಕುವುದರಲ್ಲಿ ಅರ್ಥ ಕಡಿಮೆ. ಕೂಲಿ, ಕಾಂಕ್ರೀಟು, ಟೈಲ್ಸಿನ ಖರ್ಚು ಒಂದಿಂಚಿಗೂ ಎರಡಿಂಚಿಗೂ ಒಂದೇ ಆದ್ದರಿಂದ ಒಂದಿಂಚಿಗೇ ನಿಲ್ಲಿಸುವುದೂ ಜಾಣತನವಲ್ಲ.

## ಬರೀ ಬಿಳಿ ಬಣ್ಣ ಬಳಿದರೆ?

ಕೂಲ್ ರೂಫ್ ಬಣ್ಣ ತೂತನ್ನು ಚಿಕ್ಕದು ಮಾಡುವುದಿಲ್ಲ, ಯು ಮೌಲ್ಯ 3.3 ಆಗಿಯೇ ಇರುತ್ತದೆ. ಅದು ಬಿಸಿಲನ್ನು ವಾಪಸು ಕಳಿಸಿ ಟೆರೇಸು ಕಾಯುವುದನ್ನೇ ಕಡಿಮೆ ಮಾಡುತ್ತದೆ. ಹೊಸ ಬಿಳಿ ಬಣ್ಣ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ಹಿಂದಿರುಗಿಸಬಲ್ಲದು. ಆಗ ನಮ್ಮ ಕೋಣೆಯ ಲೆಕ್ಕದಲ್ಲಿ 30 ಡಿಗ್ರಿಯ ಜಾಗದಲ್ಲಿ 18 ಹಿಡಿಯಬಹುದು, ಛಾವಣಿಯ ಶಾಖ 800 ವ್ಯಾಟಿಗೆ ಬರುತ್ತದೆ. ಒಟ್ಟು 2,750, ಎರಡೂ ಹೆಚ್ಚುವರಿ ಸೇರಿಸಿದರೆ 3,510. ಸರಿಯಾಗಿ ಒಂದು ಟನ್ನಿನ ಗಡಿ.

ಗಡಿಯ ಮೇಲೆ ನಿಂತ ಲೆಕ್ಕ ಧೂಳಿಗೆ ಸೋಲುತ್ತದೆ. ಒಂದೆರಡು ಬೇಸಿಗೆಯ ಧೂಳು, ಮಳೆಗಾಲದ ಪಾಚಿ ಕೂತರೆ ಬಿಳುಪು ಮಾಸಿ ಬಿಸಿಲು ಹೀರುವುದು ಮತ್ತೆ ಏರುತ್ತದೆ. ಪ್ರತಿ ಫೆಬ್ರವರಿ, ಮಾರ್ಚಿನಲ್ಲಿ ಟೆರೇಸು ತೊಳೆದು, ಬೇಕಾದಾಗ ಮತ್ತೆ ಬಳಿಯುವವರಿಗೆ ಮಾತ್ರ ಬಣ್ಣವನ್ನು ನಂಬಿ ಒಂದು ಟನ್ ಕೊಳ್ಳಬಹುದು. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಇದಕ್ಕಿಂತ ಬೇರೆ ದಾರಿಯೂ ಸುಲಭವಿಲ್ಲ. ಹಲಗೆ ಹಾಕಿ ಅದರ ಮೇಲೆ ಬಿಳಿ ಟೈಲ್ಸ್ ಚೂರಿನ ಮೊಸಾಯಿಕ್ ಮಾಡಿಸಿದರೆ ಎರಡೂ ಕೂಡುತ್ತವೆ.

## ಗೋಡೆಯ ಸರದಿ ಯಾವಾಗ

ನಮ್ಮ ಕೋಣೆಯ ಎರಡು ಹೊರಗೋಡೆಗಳಿಂದ ಬರುವುದು 560 ವ್ಯಾಟ್. ಹೊರಗಿನಿಂದ ಎರಡು ಇಂಚು ಥರ್ಮಾಕೋಲ್ ಹಚ್ಚಿ ಜಾಲರಿ, ಗಾರೆ ಮಾಡಿಸಿದರೆ ಅದು 150ರ ಕೆಳಗೆ ಬರುತ್ತದೆ. ಉಳಿತಾಯ ನಾನೂರಕ್ಕೂ ಸ್ವಲ್ಪ ಹೆಚ್ಚು. ಕೋಣೆಗೆ ಬೇಕಾದದ್ದು 0.63 ಟನ್ನಿಗೆ ಇಳಿಯುತ್ತದೆ. ಆದರೆ ಒಂದು ಟನ್ನಿನ ಬದಲು 0.8 ಟನ್ ಕೊಂಡರೆ ಬೆಲೆಯಲ್ಲಿ ಉಳಿಯುವುದು ಅಲ್ಪ, ಗೋಡೆಯ ಕೆಲಸಕ್ಕೆ ಹೊರಗೆ ಸಾರವೆ ಕಟ್ಟಿಸಬೇಕು. ಕಟ್ಟಿ ಮುಗಿದ ಮೇಲಂತಸ್ತಿನ ಮನೆಗೆ ಛಾವಣಿ ಮೊದಲು, ಗೋಡೆ ಆಮೇಲೆ, ಅದೂ ಪಡುವಣದ್ದೊಂದೇ.

ಪಡುವಣ ಗೋಡೆಯನ್ನು ಬೇರೆಯಾಗಿ ಹೇಳಲು ಕಾರಣ ಅದರ ವಿಳಂಬ. ಸಂಜೆ ಆರಕ್ಕೆ ಅದು ಕೊಡುವುದು ಸುಮಾರು 320 ವ್ಯಾಟ್. ರಾತ್ರಿ ಹತ್ತು, ಹನ್ನೊಂದರ ಹೊತ್ತಿಗೆ 450 ಮೀರುತ್ತದೆ. ಮಂಚದ ತಲೆದಿಕ್ಕು ಆ ಗೋಡೆಗಿದ್ದರೆ ಅಂಗೈ ಇಟ್ಟು ನೋಡಿದರೇ ತಿಳಿಯುತ್ತದೆ. ಹೊರಗೆ ಚಪ್ಪರ, ಬಳ್ಳಿ, ಗೋಡೆಯಿಂದ ಅರ್ಧ ಅಡಿ ದೂರದಲ್ಲಿ ಹಗ್ಗದ ಪರದೆ, ಹೀಗೆ ಏನಾದರೂ ನೆರಳು ಮಾಡಿದರೆ ಈ ಒಂದು ಗೋಡೆಯ ಮಟ್ಟಿಗೆ ಅರ್ಧ ಕೆಲಸ ಆದಂತೆ.

ಹೊಸದಾಗಿ ಕಟ್ಟಿಸುವವರ ಲೆಕ್ಕ ಬೇರೆ. ಇಟ್ಟಿಗೆಯ ಜಾಗದಲ್ಲಿ ಎಂಟು ಇಂಚಿನ ಎಎಸಿ ಬ್ಲಾಕ್ ಬಳಸಿದರೆ ಬೇರೆ ಪದರವೇನೂ ಇಲ್ಲದೆ 560 ವ್ಯಾಟ್ ಸುಮಾರು 205ಕ್ಕೆ ಇಳಿಯುತ್ತದೆ. ಫ್ಲ್ಯಾಟಿನ ನಡುವಿನ ಅಂತಸ್ತುಗಳಲ್ಲಿಯೂ ಗೋಡೆಗೇ ಮೊದಲ ಮಣೆ. ಅಲ್ಲಿ ಛಾವಣಿಯ ಬಿಸಿಲಿಲ್ಲದ ಕಾರಣ ಒಟ್ಟು ಶಾಖದಲ್ಲಿ ಗೋಡೆಯ ಪಾಲು ಕಾಲುಭಾಗ ದಾಟುತ್ತದೆ.

## ಟೆರೇಸಿನ ಕೆಲಸ: ಕ್ರಮ ತಪ್ಪಿದರೆ ಎಲ್ಲ ತಪ್ಪಿದಂತೆ

ಮೊದಲು ಸ್ಲ್ಯಾಬನ್ನು ಕೆರೆದು ತೊಳೆದು ಬಿರುಕುಗಳನ್ನು ತುಂಬಬೇಕು. ನಂತರ ಸ್ಲ್ಯಾಬಿನ ಮೇಲೆಯೇ ವಾಟರ್‌ಪ್ರೂಫಿಂಗ್ ಪದರ, ಪ್ಯಾರಪೆಟ್ ಗೋಡೆಯ ಮೇಲೂ ಒಂದಡಿ ಹತ್ತಿಸಿ. ಅದು ಒಣಗಿದ ಮೇಲೆ ನೀರಿನ ಕೊಳವೆ ಬಾಯಿ ಮುಚ್ಚಿ, ಎರಡು ದಿನ ನೀರು ನಿಲ್ಲಿಸಿ, ಕೆಳಗೆ ಸೋರುತ್ತದೆಯೇ ನೋಡಬೇಕು. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಸೋರಿಕೆ ಎಲ್ಲಿದೆ ಎಂದು ಹುಡುಕಲು ಹಾಕಿದ್ದನ್ನೆಲ್ಲ ಒಡೆಯಬೇಕಾಗುತ್ತದೆ.

ಆಮೇಲೆ ಹಲಗೆ. ಸಾಂದ್ರತೆ ಘನ ಮೀಟರಿಗೆ 32 ಕಿಲೋಗಿಂತ ಕಡಿಮೆ ಇರಬಾರದು, ಇಲ್ಲದಿದ್ದರೆ ಮೇಲೆ ಓಡಾಡಿದಾಗ ತಗ್ಗುತ್ತದೆ. ಅಂಚಿನಲ್ಲಿ ಒಂದರ ಮೇಲೊಂದು ಕೂರುವ ಕಚ್ಚು ಇರುವ ಹಲಗೆಗಳು ಒಳ್ಳೆಯವು. ಇಟ್ಟಿಗೆ ಕಟ್ಟಿದ ಹಾಗೆ ಸಂದಿಗಳನ್ನು ಸಾಲಿಂದ ಸಾಲಿಗೆ ತಪ್ಪಿಸಿ ಜೋಡಿಸಬೇಕು. ಅದರ ಮೇಲೆ ನೀರು ಬಸಿಯುವ ಬಟ್ಟೆಯಂಥ ಹಾಳೆ, ಅದರ ಮೇಲೆ ಕೋಳಿಜಾಲರಿ ಸೇರಿಸಿದ ಎರಡು ಇಂಚಿನ ಕಾಂಕ್ರೀಟು, ನೂರಕ್ಕೆ ಒಂದರಷ್ಟು ಇಳಿಜಾರು ಕೊಟ್ಟು. ಕೊನೆಗೆ ಬಿಳಿ ಟೈಲ್ಸು. ಈ ಕಾಂಕ್ರೀಟಿನ ತೂಕವೇ ಚದರ ಮೀಟರಿಗೆ 110 ಕಿಲೋದ ಹತ್ತಿರ. ಹಳೆಯ ಮನೆ, ಕಬ್ಬಿಣ ಕಾಣುವಷ್ಟು ಗಾರೆ ಉದುರಿದ ಸ್ಲ್ಯಾಬು ಆಗಿದ್ದರೆ ಮೇಸ್ತ್ರಿಯ ಮಾತು ಸಾಲದು, ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು.

ಕೆಡುವುದು ಹೆಚ್ಚಾಗಿ ಎರಡು ಕಡೆ. ಒಂದು, ಸಂದಿ. ಹಲಗೆಗಳ ನಡುವೆ, ಪ್ಯಾರಪೆಟ್ ಅಂಚಿನಲ್ಲಿ, ಪೈಪಿನ ಸುತ್ತ ಸೇರಿ ನೂರಕ್ಕೆ ಐದು ಪಾಲು ಜಾಗ ಬೋಳಾಗಿ ಉಳಿದರೂ ಒಳಬರುವ ಶಾಖ ಕಾಲುಭಾಗ ಹೆಚ್ಚುತ್ತದೆ, ಏಕೆಂದರೆ ಆ ಐದು ಪಾಲು ಉಳಿದದ್ದಕ್ಕಿಂತ ಆರೇಳು ಪಟ್ಟು ಸೋರುತ್ತದೆ. ಇನ್ನೊಂದು, ನೀರು. ಗಾಳಿ ಇರಬೇಕಾದ ಕೋಶದಲ್ಲಿ ನೀರು ತುಂಬಿದರೆ ಕೌದಿ ನೆನೆದಂತೆ. ನೀರು ಎಕ್ಸ್‌ಪಿಎಸ್‌ಗಿಂತ ಇಪ್ಪತ್ತು ಪಟ್ಟು ಹೆಚ್ಚು ಶಾಖ ದಾಟಿಸುತ್ತದೆ. ಅಗ್ಗವೆಂದು ಟೆರೇಸಿನ ಮೇಲೆ ಪ್ಯಾಕಿಂಗ್ ಥರ್ಮಾಕೋಲ್ ಹಾಕಿಸಿದವರಿಗೆ ಮೊದಲ ಬೇಸಿಗೆ ತಂಪಾಗಿದ್ದು, ಒಂದೆರಡು ಮಳೆಗಾಲ ಕಳೆದ ಮೇಲೆ ಮೊದಲಿನಂತೆಯೇ ಆಗುವುದು ಇದರಿಂದಲೇ.

ಟೆರೇಸು ಮುಟ್ಟಲಾಗದಿದ್ದರೆ ಒಳಗಿನಿಂದ ಮಾಡಬಹುದು: ಸ್ಲ್ಯಾಬಿನ ಕೆಳಗೆ ಎರಡು ಇಂಚು ಗಾಜಿನ ಉಣ್ಣೆ, ಅದರಡಿ ಜಿಪ್ಸಮ್ ಹಲಗೆ. ಎಸಿ ತಣಿಸಬೇಕಾದ ಪಟ್ಟಿಯಿಂದ ಸ್ಲ್ಯಾಬೇ ಹೊರಗುಳಿಯುವುದರಿಂದ ಕೋಣೆ ಬೇಗ ತಂಪಾಗುತ್ತದೆ. ಆದರೆ ಸ್ಲ್ಯಾಬು ಹಗಲು ಕಾಯುವುದು, ರಾತ್ರಿ ತಣಿಯುವುದು ನಿಲ್ಲುವುದಿಲ್ಲ, ಹಾಗಾಗಿ ಬಿರುಕಿನ ಕಾಟವೂ ನಿಲ್ಲುವುದಿಲ್ಲ. ಉಣ್ಣೆಯಿಲ್ಲದ ಬರೀ ಫಾಲ್ಸ್ ಸೀಲಿಂಗ್ ಇದರ ಸಮಕ್ಕೆ ಬಾರದು. ಒಳಗೆ ಥರ್ಮಾಕೋಲನ್ನು ಹಾಗೇ ಬಿಡುವುದಂತೂ ಬೆಂಕಿಯ ದೃಷ್ಟಿಯಿಂದ ಬೇಡವೇ ಬೇಡ.

## ನಿಮ್ಮ ಛಾವಣಿಯನ್ನು ನೀವೇ ಅಳೆಯಿರಿ

ದೂರದಿಂದ ಉಷ್ಣತೆ ತೋರಿಸುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದಿದ್ದರೆ ಸಾಕು. ಬಿಸಿಲಿನ ದಿನ ಸಂಜೆ ಐದರ ಸುಮಾರಿಗೆ, ಎಸಿ ಒಂದೆರಡು ಗಂಟೆ ಓಡಿದ ಮೇಲೆ, ಛಾವಣಿಯ ಒಳಮೈಯನ್ನು ನಾಲ್ಕೈದು ಕಡೆ ಅಳೆದು ಸರಾಸರಿ ತೆಗೆಯಿರಿ. ಅದರಿಂದ ಕೋಣೆಯ ಗಾಳಿಯ ಉಷ್ಣತೆಯನ್ನು ಕಳೆಯಿರಿ. ಉಳಿದದ್ದನ್ನು 6ರಿಂದಲೂ ಛಾವಣಿಯ ಚದರ ಮೀಟರಿನಿಂದಲೂ ಗುಣಿಸಿ. ಛಾವಣಿ 41, ಗಾಳಿ 24 ಇದ್ದರೆ:

17 × 6 × 13.4 = ಸುಮಾರು 1,370 ವ್ಯಾಟ್

ನಮ್ಮ ಮೇಲಿನ ಲೆಕ್ಕಕ್ಕೆ ಇದು ಹತ್ತಿರವೇ ಇದೆ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ನಿಜವಾದ ಶಾಖ ಇದಕ್ಕಿಂತ ಹೆಚ್ಚು, ಆದ್ದರಿಂದ ಅಳೆಯುವಾಗ ಫ್ಯಾನ್ ನಿಲ್ಲಿಸಿರಿ. ಛಾವಣಿಗೂ ಗಾಳಿಗೂ ಮೂರು ನಾಲ್ಕು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ಛಾವಣಿ ಆಗಲೇ ಚೆನ್ನಾಗಿದೆ ಎಂದರ್ಥ. ಹಲಗೆ ಹಾಕಿಸಿದ ಮೇಲೂ ಇದೇ ಸಾಧನ ಉಪಯೋಗಕ್ಕೆ ಬರುತ್ತದೆ: ಒಳಮೈಯಲ್ಲಿ ಅಲ್ಲಲ್ಲಿ ಪಟ್ಟೆಯಂತೆ ಐದಾರು ಡಿಗ್ರಿ ಹೆಚ್ಚು ತೋರಿದರೆ ಅದರ ಮೇಲೆ ಸಂದಿ ಉಳಿದಿದೆ, ಇಲ್ಲವೇ ಹಲಗೆ ನೆನೆದಿದೆ.

## ಈಗಾಗಲೇ ಒಂದೂವರೆ ಟನ್ ಇದ್ದರೆ

ಇನ್ವರ್ಟರ್ ಎಸಿಯಾದರೆ ಚಿಂತೆಯಿಲ್ಲ. ಅದು ತನ್ನ ವೇಗ ತಗ್ಗಿಸಿಕೊಂಡು ಓಡುತ್ತದೆ. ಕೊಳ್ಳುವಾಗ ವಿವರಪಟ್ಟಿಯಲ್ಲಿ ಕನಿಷ್ಠ ಸಾಮರ್ಥ್ಯ ಎಷ್ಟೆಂದು ಮಾತ್ರ ನೋಡಬೇಕು. ರಾತ್ರಿ ಎರಡು ಗಂಟೆಗೆ ಕೋಣೆಗೆ ಬೇಕಾದದ್ದಕ್ಕಿಂತ ಆ ಕನಿಷ್ಠವೇ ಹೆಚ್ಚಿದ್ದರೆ ಇನ್ವರ್ಟರ್ ಕೂಡ ನಿಂತು ನಿಂತು ಓಡುತ್ತದೆ.

ಹಳೆಯ ಒಂದೇ ವೇಗದ ಎಸಿಯಾದರೆ ಛಾವಣಿ ಸರಿಮಾಡಿಸಿದ ಮೇಲೆ ಅದು ಕೋಣೆಗೆ ದೊಡ್ಡದಾಗುತ್ತದೆ. ಕಂಪ್ರೆಸರ್ ಮೂರು ನಾಲ್ಕು ನಿಮಿಷ ಓಡಿ ನಿಲ್ಲುವುದು, ಮತ್ತೆ ಸ್ವಲ್ಪ ಹೊತ್ತಿಗೇ ಶುರುವಾಗುವುದು ಇದರ ಗುರುತು. ಎಸಿ ಗಾಳಿಯ ತೇವವನ್ನು ಹಿಂಡುವುದು ಒಳಗಿನ ಕಾಯಿಲ್ ಚೆನ್ನಾಗಿ ತಣ್ಣಗಾಗಿ, ಅದರ ಮೇಲೆ ನೀರು ಕಟ್ಟಿ, ಹರಿದು ಹೊರಹೋದಾಗ. ನಾಲ್ಕು ನಿಮಿಷದ ಓಟದಲ್ಲಿ ಆ ನೀರು ಹರಿಯುವಷ್ಟು ಸಮಯ ಸಿಗದು, ನಿಂತಾಗ ಮತ್ತೆ ಆವಿಯಾಗಿ ಕೋಣೆಗೇ ಬರುತ್ತದೆ. ಕಲಬುರಗಿಯ ಒಣ ಮೇ ತಿಂಗಳಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಮಂಗಳೂರಿನಲ್ಲಾದರೆ 24 ಡಿಗ್ರಿಯಲ್ಲೂ ಮೈ ಅಂಟಂಟು.

ಕರಾವಳಿಯವರು ಈ ಲೇಖನದ ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳದಿರುವುದಕ್ಕೂ ಕಾರಣ ಆ ತೇವವೇ. ಅಲ್ಲಿ ಎಸಿಯ ಶಕ್ತಿಯಲ್ಲಿ ದೊಡ್ಡ ಪಾಲು ತೇವ ಹಿಂಡುವುದಕ್ಕೇ ಹೋಗುತ್ತದೆ. ತೇವ ಬರುವುದು ಬಾಗಿಲು, ಕಿಟಕಿಯ ಸಂದಿಗಳಿಂದ, ಸ್ಲ್ಯಾಬಿನ ಮೇಲಿನ ಹಲಗೆ ಅದನ್ನು ತಡೆಯಲಾರದು. ಅಲ್ಲಿ ಛಾವಣಿಯ ಜೊತೆಗೆ ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಯ ಕದಗಳಿಗೆ ಬಿಗಿಯಾದ ಅಂಚು ಹಾಕಿಸಿದ ಮೇಲೆಯೇ ಟನ್ ಇಳಿಸುವ ಮಾತು. ಬೆಂಗಳೂರು, ಮೈಸೂರಿನ ಕಡೆ ರಾತ್ರಿ ತಂಪು ಗಾಳಿ ಬೀಸುವುದರಿಂದ ಇನ್ನೊಂದು ಸಂಗತಿ ನೆನಪಿಡಬೇಕು. ಹೊದಿಸಿದ ಛಾವಣಿ ಹಗಲಿನ ಶಾಖವನ್ನು ಒಳಗೆ ಬಿಡದ ಹಾಗೆಯೇ ಒಳಗಿನ ಶಾಖವನ್ನೂ ಮೇಲಕ್ಕೆ ಬಿಡುವುದಿಲ್ಲ. ಎಸಿ ಹಾಕದ ರಾತ್ರಿ ಎದುರುಬದುರು ಕಿಟಕಿಗಳನ್ನು ತೆರೆದಿಟ್ಟರೆ ಮಾತ್ರ ಕೋಣೆ ಬೆಳಗಿನೊಳಗೆ ತಣಿಯುತ್ತದೆ.